ಹದಿನಾಲ್ಕನೇ ದಿನದ ಬಸ್ಸು

“ಏನಾದ್ರೂ ವಿಶೇಷ ಇದ್ಯೇನಮ್ಮಾ?” ಅಂತ ಅತ್ತೆ ಫೋನಿನಲ್ಲಿ ಕೇಳಿದಾಗಲೆಲ್ಲ ನನ್ನ ಕಣ್ಣು ಫ್ರಿಜ್ ಮೇಲೆ ಅಂಟಿಸಿದ ಕ್ಯಾಲೆಂಡರ್ ಕಡೆಗೆ ಹೋಗುತ್ತಿತ್ತು. ಅದರಲ್ಲಿ ಪ್ರತಿ ತಿಂಗಳೂ ಒಂದು ದಿನಕ್ಕೆ ಹಸಿರು ಸ್ಕೆಚ್ ಪೆನ್ನಿನಲ್ಲಿ ಸೊನ್ನೆ ಸುತ್ತಿತ್ತು. ಆ ಸೊನ್ನೆಯ ಅರ್ಥ ಅತ್ತೆಗೆ ಗೊತ್ತಿರಲಿಲ್ಲ, ಮನೆಗೆಲಸಕ್ಕೆ ಬರುವ ಅಕ್ಕನಿಗೆ ಮಾತ್ರ ಏನೋ ಅನುಮಾನ ಇತ್ತು. ಅದು ನನ್ನ ಹದಿನಾಲ್ಕನೇ ದಿನ. ಪುಣೆಯಲ್ಲಿ ಪ್ರಾಜೆಕ್ಟಿನಲ್ಲಿರುವ ನನ್ನ ಗಂಡ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಬರಬೇಕಾದ ದಿನ.

ನನಗೆ ಮೂವತ್ತೆರಡು. ಮದುವೆಯಾಗಿ ಮೂರು ವರ್ಷ. ಮಗು ಬೇಕು ಅಂತ ನಾವಿಬ್ಬರೂ ತೀರ್ಮಾನ ಮಾಡಿದ ತಿಂಗಳೇ ಅವನಿಗೆ ಪುಣೆಗೆ ವರ್ಗ ಆಯ್ತು. ಎರಡು ವಾರಕ್ಕೊಮ್ಮೆ ಬರೋದು, ಅದೂ ಶನಿವಾರ ಬೆಳಿಗ್ಗೆ ಬಂದು ಭಾನುವಾರ ರಾತ್ರಿ ಹೊರಡೋದು. ಹಾಗಾಗಿ ನಮ್ಮ ಪಾಲಿಗೆ ‘ಯಾವ ದಿನ’ ಅನ್ನೋದು ಬರೀ ಕುತೂಹಲದ ಪ್ರಶ್ನೆ ಆಗಿರಲಿಲ್ಲ, ಸ್ಲೀಪರ್ ಕೋಚಿನ ಟಿಕೆಟ್ ಪ್ರಶ್ನೆ ಆಗಿತ್ತು. ನನ್ನ ಫೋನಿನಲ್ಲಿದ್ದ ಪಿರಿಯಡ್ಸ್ ಆ್ಯಪ್ ಹದಿನಾಲ್ಕನೇ ದಿನದ ಮೇಲೆ ಒಂದು ಹೂವಿನ ಚಿತ್ರ ತೋರಿಸುತ್ತಿತ್ತು. ಶಾಲೆಯಲ್ಲಿ ಬಯಾಲಜಿ ಟೀಚರ್ ಕೂಡ ಇಪ್ಪತ್ತೆಂಟು ದಿನದ ಚಕ್ರ, ಹದಿನಾಲ್ಕನೇ ದಿನ ಅಂಡಾಣು ಬಿಡುಗಡೆ ಅಂತಲೇ ಬೋರ್ಡಿನ ಮೇಲೆ ಬರೆದಿದ್ದರು. ಇಬ್ಬರು ಹೇಳಿದ ಮೇಲೆ ಇನ್ನೇನು? ಐದು ತಿಂಗಳು ನಾವು ಆ ಹೂವಿಗೆ ಬಸ್ಸು ಬುಕ್ ಮಾಡಿದೆವು.

ಒಂದು ಸಂಗತಿ ಮಾತ್ರ ನಾನು ಆ್ಯಪಿಗೆ ಹೇಳಿರಲಿಲ್ಲ. ಡೌನ್‌ಲೋಡ್ ಮಾಡಿದ ದಿನ ಅದು ‘ನಿಮ್ಮ ಚಕ್ರ ಎಷ್ಟು ದಿನದ್ದು’ ಅಂತ ಕೇಳಿದಾಗ, ಅಲ್ಲಿ ಮೊದಲೇ ತುಂಬಿದ್ದ 28ನ್ನು ಹಾಗೇ ಬಿಟ್ಟು ಮುಂದಕ್ಕೆ ಒತ್ತಿದ್ದೆ. ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿ ಹತ್ತು ವರ್ಷದಿಂದ ಇದ್ದೇನೆ. ಡಿಫಾಲ್ಟ್ ವ್ಯಾಲ್ಯೂ ನಂಬಬೇಡ ಅಂತ ಜೂನಿಯರ್‌ಗಳಿಗೆ ಬೈಯುವವಳು ನಾನೇ.

ಆರನೇ ತಿಂಗಳು ಮನೆ ಹತ್ತಿರದ ಒಂದು ಕ್ಲಿನಿಕ್ಕಿಗೆ ಹೋದೆ. ಅಲ್ಲಿಯ ಡಾಕ್ಟರು ಎರಡು ನಿಮಿಷ ಮಾತಾಡಿ, ಇಪ್ಪತ್ತೊಂದನೇ ದಿನ ಪ್ರೊಜೆಸ್ಟೆರಾನ್ ರಕ್ತಪರೀಕ್ಷೆ ಮಾಡಿಸಿ ಅಂತ ಚೀಟಿ ಬರೆದರು. ಅಂಡಾಣು ಹೊರಬಂದ ಮೇಲೆ ಅದು ಬಿಟ್ಟುಹೋದ ಜಾಗದಿಂದ ಪ್ರೊಜೆಸ್ಟೆರಾನ್ ಬರುತ್ತೆ. ಸುಮಾರು ಒಂದು ವಾರ ಕಳೆದ ಮೇಲೆ ಅದು ಅತಿ ಹೆಚ್ಚಿರುತ್ತೆ. ರಿಪೋರ್ಟಿನಲ್ಲಿ 3ಕ್ಕಿಂತ ಜಾಸ್ತಿ ಇದ್ದರೆ ಆ ತಿಂಗಳು ಅಂಡಾಣು ಬಿಡುಗಡೆ ಆಗಿದೆ ಅಂತ ಸಾಮಾನ್ಯವಾಗಿ ಲೆಕ್ಕ. ನನ್ನದು 0.9 ಬಂತು. “ಓವ್ಯುಲೇಷನ್ ಆಗ್ತಾ ಇಲ್ಲ, ಮುಂದಿನ ತಿಂಗಳಿಂದ ಮಾತ್ರೆ ಶುರು ಮಾಡೋಣ” ಅಂದರು. ಆವತ್ತು ಆಟೋದಲ್ಲಿ ಕೂತು ಅಳುತ್ತಾ ಬಂದೆ. ಡ್ರೈವರಣ್ಣ ಕನ್ನಡಿಯಲ್ಲಿ ನೋಡಿ ಏನೂ ಕೇಳದೆ ರೇಡಿಯೊ ಆಫ್ ಮಾಡಿದರು.

ಮಾತ್ರೆ ತಗೊಳ್ಳೋ ಮುಂಚೆ ಇನ್ನೊಬ್ಬರನ್ನು ಕೇಳು ಅಂತ ಹೇಳಿದ್ದು ನನ್ನ ಅಕ್ಕ. ಆ ಇನ್ನೊಬ್ಬರು ವಯಸ್ಸಾದ ಡಾಕ್ಟರಮ್ಮ. ಅವರು ರಿಪೋರ್ಟ್ ನೋಡಲೇ ಇಲ್ಲ. ಮೊದಲು ಒಂದು ಬಿಳಿ ಹಾಳೆ ಕೊಟ್ಟು, “ಹಿಂದಿನ ಆರು ತಿಂಗಳು ಮುಟ್ಟಾದ ತಾರೀಕು ಬರೀಮ್ಮ” ಅಂದರು. ಬರೆದೆ. ಮೊದಲು ಸ್ವಲ್ಪ ಕಲೆ ಕಾಣಿಸಿ ಮಾರನೇ ದಿನ ಸರಿಯಾಗಿ ಶುರುವಾಗೋದು ನನ್ನ ಅಭ್ಯಾಸ. ನಾನು ಕಲೆ ಕಂಡ ದಿನವನ್ನೇ ಒಂದನೇ ದಿನ ಅಂತ ಬರೆದಿದ್ದೆ. ಅದನ್ನು ಹೊಡೆದು, ಸರಿಯಾಗಿ ಹೋಗಲು ಶುರುವಾದ ದಿನವನ್ನು ಹಾಕಿಸಿದರು. ಆಮೇಲೆ ಒಂದು ತಾರೀಕಿನಿಂದ ಇನ್ನೊಂದಕ್ಕೆ ಎಷ್ಟು ದಿನ ಅಂತ ಅವರೇ ಪಕ್ಕದಲ್ಲಿ ಬರೆದರು. 34, 31, 33, 36, 32, 34.

“ಇದರಲ್ಲಿ ಇಪ್ಪತ್ತೆಂಟು ಎಲ್ಲಮ್ಮ ಇದೆ?”

ಎಲ್ಲೂ ಇರಲಿಲ್ಲ.

ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಚಕ್ರಕ್ಕೆ ಎರಡು ಭಾಗ. ಮುಟ್ಟಾದ ದಿನದಿಂದ ಅಂಡಾಣು ಹೊರಬರುವವರೆಗೆ ಮೊದಲನೇ ಭಾಗ, ಅಲ್ಲಿಂದ ಮುಂದಿನ ಮುಟ್ಟಿನವರೆಗೆ ಎರಡನೇ ಭಾಗ. ಎರಡನೇ ಭಾಗ ಹೆಚ್ಚುಕಡಿಮೆ ಹದಿನಾಲ್ಕು ದಿನಕ್ಕೆ ನಿಂತಿರುತ್ತೆ, ಒಂದೆರಡು ದಿನ ಆಚೀಚೆ ಆಗಬಹುದು. ಎಳೆದಾಡೋದು ಮೊದಲನೇ ಭಾಗ. ಒಬ್ಬರಿಗೆ ಹನ್ನೆರಡು ದಿನ, ಇನ್ನೊಬ್ಬರಿಗೆ ಇಪ್ಪತ್ತೆರಡು. ಒಬ್ಬಳೇ ಹೆಂಗಸಿಗೂ ತಿಂಗಳಿಂದ ತಿಂಗಳಿಗೆ ಬೇರೆ. ಅಂದರೆ ಹದಿನಾಲ್ಕನ್ನು ಎಣಿಸಬೇಕಾದದ್ದು ಕಳೆದ ಮುಟ್ಟಿನಿಂದ ಮುಂದಕ್ಕಲ್ಲ, ಬರಲಿರುವ ಮುಟ್ಟಿನಿಂದ ಹಿಂದಕ್ಕೆ. ಇದೇನೂ ಹೊಸ ವಿಷಯ ಅಲ್ಲವಂತೆ. ಜಪಾನಿನ ವೈದ್ಯ ಕ್ಯೂಸಾಕು ಒಗಿನೊ 1924ರಲ್ಲೇ ಅಂಡಾಣು ಹೊರಬರುವುದು ಮುಂದಿನ ಮುಟ್ಟಿಗೆ 12ರಿಂದ 16 ದಿನ ಮುಂಚೆ ಅಂತ ಬರೆದಿದ್ದರು. ಇಪ್ಪತ್ತೆಂಟು ದಿನದವರಿಗೆ ಮುಂದಿನಿಂದ ಎಣಿಸಿದರೂ ಹಿಂದಿನಿಂದ ಎಣಿಸಿದರೂ ಒಂದೇ ಉತ್ತರ ಬರುತ್ತೆ. ಅದಕ್ಕೇ ಆ ತಪ್ಪು ಇಷ್ಟು ವರ್ಷ ಬದುಕಿದೆ.

ನನ್ನ ಮೂವತ್ನಾಲ್ಕು ದಿನದ ಚಕ್ರದಲ್ಲಿ ಹದಿನಾಲ್ಕು ಕಳೆದರೆ ಇಪ್ಪತ್ತು. ಆ 0.9 ಬಂದ ತಿಂಗಳೂ ಮೂವತ್ನಾಲ್ಕು ದಿನದ್ದೇ. ಅಂದರೆ ಇಪ್ಪತ್ತೊಂದನೇ ದಿನ ಲ್ಯಾಬಿನವರು ರಕ್ತ ತೆಗೆದಾಗ ನನ್ನ ಅಂಡಾಣು ಹೊರಬಂದು ಒಂದು ದಿನ ಆಗಿತ್ತೋ ಏನೋ, ಪ್ರೊಜೆಸ್ಟೆರಾನ್ ಏರೋದಕ್ಕೆ ಪುರುಸೊತ್ತೇ ಸಿಕ್ಕಿರಲಿಲ್ಲ. ಇಪ್ಪತ್ತೊಂದನೇ ದಿನ ಅನ್ನೋದೂ ಇಪ್ಪತ್ತೆಂಟು ದಿನದವರ ಲೆಕ್ಕವೇ, ಮುಂದಿನ ಮುಟ್ಟಿಗೆ ಏಳು ದಿನ ಮುಂಚೆ ಅಂತ ಅದರ ಅರ್ಥ. ನನಗಾದರೆ ಅದು ಇಪ್ಪತ್ತೇಳನೇ ದಿನ. “ಮುಂದಿನ ತಿಂಗಳು ಇಪ್ಪತ್ತೇಳಕ್ಕೆ ಮಾಡಿಸು, ಆಮೇಲೆ ಮಾತ್ರೆ ವಿಷಯ ಮಾತಾಡೋಣ” ಅಂದರು. ಮಾಡಿಸಿದೆ. 11.4.

ಈ ಮಾತನ್ನು ಸ್ವಲ್ಪ ಜೋರಾಗಿ ಹೇಳಬೇಕು ಅನಿಸುತ್ತೆ. ಚಕ್ರ ಉದ್ದ ಇರುವ ಎಷ್ಟೋ ಹೆಣ್ಣುಮಕ್ಕಳ ಕೈಯಲ್ಲಿ ಇಂಥ ತಪ್ಪು ದಿನದ ರಿಪೋರ್ಟು ಇರಬಹುದು.

ಇನ್ನು ಆ ಐದು ತಿಂಗಳ ಬಸ್ಸು. ಹೊರಬಂದ ಅಂಡಾಣು ಬದುಕಿರೋದು ಹನ್ನೆರಡರಿಂದ ಇಪ್ಪತ್ನಾಲ್ಕು ಗಂಟೆ. ವೀರ್ಯಾಣು ಮಾತ್ರ ಒಳ್ಳೆಯ ಲೋಳೆ ಇದ್ದರೆ ಗರ್ಭಕೊರಳಿನ ಆಸುಪಾಸಿನಲ್ಲಿ ಐದು ದಿನದವರೆಗೂ ಕಾಯುತ್ತೆ. ಅಮೆರಿಕದ ಅಲೆನ್ ವಿಲ್ಕಾಕ್ಸ್ ಮತ್ತು ಸಂಗಡಿಗರು ನಾರ್ತ್ ಕೆರೊಲಿನಾದಲ್ಲಿ 221 ಹೆಂಗಸರ ಮೂತ್ರವನ್ನು ದಿನಾ ಪರೀಕ್ಷಿಸಿ 1995ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅದರಲ್ಲಿ ಗರ್ಭ ನಿಂತದ್ದೆಲ್ಲ ಅಂಡಾಣು ಬಂದ ದಿನ ಮತ್ತು ಅದಕ್ಕೆ ಮುಂಚಿನ ಐದು ದಿನ, ಒಟ್ಟು ಆರು ದಿನಗಳ ಒಳಗೆ ಕೂಡಿದ್ದರಿಂದ. ಮಾರನೇ ದಿನದ್ದು ಒಂದೂ ಇಲ್ಲ. ನನಗೆ ಆ ಆರು ದಿನ ಹದಿನೈದರಿಂದ ಇಪ್ಪತ್ತು. ನಾವು ಹದಿನಾಲ್ಕಕ್ಕೆ ಬಸ್ಸು ಬುಕ್ ಮಾಡುತ್ತಿದ್ದೆವು. ಅವನು ಸ್ಟೇಷನ್ನಿಗೆ ಬಂದು, ರೈಲು ಬರೋ ಮುಂಚೆ ಮನೆಗೆ ಹೋಗುತ್ತಿದ್ದ ಹಾಗೆ.

(ನಮ್ಮಜ್ಜಿಯ ಕಾಲದ ಲೆಕ್ಕವೂ ಬೇರೆ ಏನಲ್ಲ. ಮುಟ್ಟಾದ ದಿನದಿಂದ ಹದಿನಾರು ರಾತ್ರಿ ಋತುಕಾಲ, ಅದರಲ್ಲಿ ಸಮ ರಾತ್ರಿ ಗಂಡು, ಬೆಸ ರಾತ್ರಿ ಹೆಣ್ಣು ಅಂತ. ಗಂಡು ಹೆಣ್ಣಿನ ಮಾತು ಬಿಡಿ, ಅದರಲ್ಲಿ ಹುರುಳಿಲ್ಲ. ಹದಿನಾರು ರಾತ್ರಿ ಅನ್ನೋದು ಇಪ್ಪತ್ತೆಂಟು ದಿನದವರಿಗೆ ಚೆನ್ನಾಗೇ ಹೊಂದುತ್ತೆ. ನನ್ನಂಥವಳಿಗೆ ಬಾಗಿಲು ತೆರೆಯೋ ಹೊತ್ತಿಗೆ ಋತುಕಾಲ ಮುಗಿಯುತ್ತಾ ಬಂದಿರುತ್ತೆ, ಅಷ್ಟೇ.)

ಹಿಂದಕ್ಕೆ ಎಣಿಸೋದರಲ್ಲಿ ಒಂದು ತೊಂದರೆ ಇದೆ ಅಂತ ನಿಮಗೂ ಹೊಳೆದಿರುತ್ತೆ. ಬರಲಿರುವ ಮುಟ್ಟು ಯಾವತ್ತು ಅಂತ ಮೊದಲೇ ಯಾರಿಗೆ ಗೊತ್ತು? 31 ದಿನದ ತಿಂಗಳಾದರೆ ಹದಿನೇಳಕ್ಕೆ, 36ರದ್ದಾದರೆ ಇಪ್ಪತ್ತೆರಡಕ್ಕೆ. ಈ ಐದು ದಿನದ ಅಂತರದಲ್ಲಿ ಈ ತಿಂಗಳು ಯಾವುದು ಅಂತ ಕ್ಯಾಲೆಂಡರ್ ಹೇಳೋದಿಲ್ಲ. ಅಲ್ಲಿಗೆ ಸ್ಟ್ರಿಪ್ ಬಂತು.

ಓವ್ಯುಲೇಷನ್ ಕಿಟ್ ಅಂದರೆ ನೋಡೋದಕ್ಕೆ ಪ್ರೆಗ್ನೆನ್ಸಿ ಕಿಟ್ಟಿನ ತಂಗಿ. ಅದೇ ತೆಳು ಪಟ್ಟಿ, ಅದೇ ಪುಟ್ಟ ಕಪ್ಪು. ಹುಡುಕೋದು ಮಾತ್ರ ಬೇರೆಯದನ್ನು. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಎಲ್‌ಎಚ್ ಅನ್ನೋ ಹಾರ್ಮೋನ್ ದಿನಾ ಸ್ವಲ್ಪ ಸ್ವಲ್ಪ ಬರುತ್ತಿರುತ್ತೆ. ಅಂಡಾಣು ಬಲಿತ ಮೇಲೆ ಅದು ಒಮ್ಮೆಲೇ ಉಕ್ಕುತ್ತೆ. ಆ ಉಕ್ಕು ಶುರುವಾಗಿ ಒಂದರಿಂದ ಒಂದೂವರೆ ದಿನದಲ್ಲಿ ಅಂಡಾಣು ಹೊರಗೆ. ಸ್ಟ್ರಿಪ್ ಹಿಡಿಯೋದು ಆ ಉಕ್ಕನ್ನು, ಅಂಡಾಣುವನ್ನಲ್ಲ. ಯಾವತ್ತಿನಿಂದ ನೋಡಬೇಕು ಅಂದರೆ, ನಿಮ್ಮ ಅತಿ ಚಿಕ್ಕ ಚಕ್ರದಲ್ಲಿ ಹದಿನೇಳು ಕಳೆಯಿರಿ. ನನ್ನದು 31, ಹದಿನೇಳು ಕಳೆದರೆ ಹದಿನಾಲ್ಕು. ಮತ್ತೆ ಅದೇ ಹದಿನಾಲ್ಕು ಬಂತಲ್ಲ ಅಂತ ನಕ್ಕೆ. ಈ ಸಲ ಅದು ಬಸ್ಸಿನ ದಿನ ಅಲ್ಲ, ಬರೀ ಪರೀಕ್ಷೆ ಶುರು ಮಾಡುವ ದಿನ.

ಮೊದಲನೇ ತಿಂಗಳು ಹದಿನಾಲ್ಕನೇ ದಿನ ಬೆಳಿಗ್ಗೆ ಸ್ಟ್ರಿಪ್ ಅದ್ದಿ ಇಟ್ಟೆ. ಎರಡು ಗೆರೆ ಬಂತು! ಸಿನಿಮಾದಲ್ಲಿ, ಜಾಹೀರಾತಿನಲ್ಲಿ ಎರಡು ಗೆರೆ ಬಂದರೆ ಏನಾಗುತ್ತೆ ಹೇಳಿ? ಹಿನ್ನೆಲೆಯಲ್ಲಿ ವೀಣೆ. ನಾನು ಬಾತ್‌ರೂಮಿನಿಂದಲೇ ಪುಣೆಗೆ ಫೋನ್ ಮಾಡಿದೆ. ಅವನು ಮ್ಯಾನೇಜರ್‌ಗೆ ಅಜ್ಜಿಗೆ ಹುಷಾರಿಲ್ಲ ಅಂತ ಹೇಳಿ (ಅವನ ಅಜ್ಜಿ ತೀರಿಕೊಂಡು ಒಂಬತ್ತು ವರ್ಷ) ಅವತ್ತೇ ರಾತ್ರಿ ಬಸ್ಸು ಹತ್ತಿದ. ಎರಡು ದಿನ ಇದ್ದು ಹೋದ. ಆದಂತಾಯ್ತು ಅಂತ ನಾನು ಸ್ಟ್ರಿಪ್ ಮುಟ್ಟಲೇ ಇಲ್ಲ.

ಅದು ಪಾಸಿಟಿವ್ ಆಗಿರಲೇ ಇಲ್ಲ. ಪ್ರೆಗ್ನೆನ್ಸಿ ಸ್ಟ್ರಿಪ್ ಹುಡುಕೋ ಹಾರ್ಮೋನ್ ಗರ್ಭಿಣಿಯಲ್ಲದವಳ ಮೂತ್ರದಲ್ಲಿ ಸಾಮಾನ್ಯವಾಗಿ ಕಾಣುವಷ್ಟು ಇರೋದಿಲ್ಲ, ಹಾಗಾಗಿ ಎರಡನೇ ಗೆರೆ ಮಸುಕಾಗಿ ಬಂದರೂ ಅದಕ್ಕೆ ಅರ್ಥ ಇದೆ. ಎಲ್‌ಎಚ್ ಹಾಗಲ್ಲ, ದಿನಾ ಸ್ವಲ್ಪ ಇದ್ದೇ ಇರುತ್ತೆ, ಅದಕ್ಕೆ ಮಸುಕು ಗೆರೆ ಸಾಮಾನ್ಯ. ಪಾಸಿಟಿವ್ ಅನ್ನಬೇಕಾದರೆ ಟೆಸ್ಟ್ ಗೆರೆ ಪಕ್ಕದ ಕಂಟ್ರೋಲ್ ಗೆರೆಯಷ್ಟೇ ಗಾಢ ಇರಬೇಕು, ಅಥವಾ ಅದಕ್ಕಿಂತ ಗಾಢ. ಕವರಿನಲ್ಲಿದ್ದ ಪುಟಾಣಿ ಅಕ್ಷರದ ಚೀಟಿಯಲ್ಲಿ ಇದು ಚಿತ್ರ ಸಮೇತ ಇತ್ತು. ಓದದವಳು ನಾನು. ಅದೇ ತಿಂಗಳು ಇಪ್ಪತ್ತೇಳನೇ ದಿನ 11.4 ಬಂದದ್ದು. ಅಂದರೆ ಅವನು ಪುಣೆಗೆ ವಾಪಸ್ ಹೋಗಿ ಡೆಸ್ಕಿನಲ್ಲಿ ಕೂತಿದ್ದಾಗ ಇಲ್ಲಿ ಎಲ್ಲ ಸರಿಯಾಗೇ ನಡೆದಿತ್ತು.

ಎರಡನೇ ತಿಂಗಳು ಚೀಟಿ ಓದಿದೆ, ಅದೂ ಅರ್ಧ. ಗೆರೆ ಹೇಗೆ ಓದಬೇಕು ಅನ್ನೋದನ್ನು ಓದಿದೆ, ಯಾವಾಗ ಅನ್ನೋದನ್ನು ಬಿಟ್ಟೆ. ಪ್ರೆಗ್ನೆನ್ಸಿ ಟೆಸ್ಟಿನ ಹಾಗೆ ಬೆಳಿಗ್ಗೆ ಎದ್ದ ತಕ್ಷಣದ್ದೇ ಒಳ್ಳೆಯದು ಅಂದುಕೊಂಡಿದ್ದೆ. ದಿನಾ ಆರೂವರೆಗೆ ಅದ್ದಿ, ಸ್ಟ್ರಿಪ್ಪುಗಳನ್ನು ಒಂದು ನೋಟ್‌ಬುಕ್ಕಿಗೆ ಸಾಲಾಗಿ ಅಂಟಿಸಿ, ಪಕ್ಕದಲ್ಲಿ ದಿನ ಬರೆಯುತ್ತಿದ್ದೆ. ಹತ್ತೊಂಬತ್ತನೇ ದಿನ ಬುಧವಾರ ಬೆಳಿಗ್ಗೆ ಮಸುಕು. ಇಪ್ಪತ್ತನೇ ದಿನ ಗುರುವಾರ ಬೆಳಿಗ್ಗೆ ಕಂಟ್ರೋಲ್ ಗೆರೆಗಿಂತ ಕಪ್ಪು. ಈ ಸಲ ಅನುಮಾನವೇ ಇಲ್ಲ.

ಗುರುವಾರ ಅವನಿಗೆ ರಿಲೀಸ್ ಇತ್ತು, ಹೊರಡೋದಕ್ಕೆ ಆಗಲಿಲ್ಲ. ಶುಕ್ರವಾರ ರಾತ್ರಿ ಹತ್ತಿದ. “ಕೊಲ್ಹಾಪುರ ದಾಟ್ತು”, “ಬೆಳಗಾವಿ” ಅಂತ ಮೆಸೇಜ್ ಬರುತ್ತಿದ್ದವು. ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲಲ್ಲಿ ನಿಂತಾಗ ಇಬ್ಬರಿಗೂ ಗೆದ್ದ ಹಾಗೆ ಅನಿಸಿತ್ತು. ಆ ತಿಂಗಳ ಚಕ್ರ ಮೂವತ್ತೈದು ದಿನಕ್ಕೆ ಮುಗಿಯಿತು. ನೋಟ್‌ಬುಕ್ ತಗೊಂಡು ಡಾಕ್ಟರಮ್ಮನ ಹತ್ತಿರ ಹೋದೆ. ಅವರು ಮೂವತ್ತೈದರಲ್ಲಿ ಹದಿನಾಲ್ಕು ಕಳೆದು, ಇಪ್ಪತ್ತೊಂದರ ಮೇಲೆ, ಅಂದರೆ ಶುಕ್ರವಾರದ ಮೇಲೆ ಪೆನ್ನು ಇಟ್ಟರು.

ಉಕ್ಕು ಸಾಮಾನ್ಯವಾಗಿ ಬೆಳಗಿನ ಜಾವ ಶುರುವಾಗೋದು ಹೆಚ್ಚಂತೆ, ರಕ್ತದಲ್ಲಿ. ಮೂತ್ರಕ್ಕೆ ಇಳಿಯೋದಕ್ಕೆ ಇನ್ನೂ ಕೆಲವು ಗಂಟೆ ಬೇಕು. ನಾನು ಬುಧವಾರ ಬೆಳಿಗ್ಗೆ ಆರೂವರೆಗೆ ನೋಡಿದ್ದು ರಾತ್ರಿಯಿಡೀ ಸೇರಿದ ಹಳೆಯ ಮೂತ್ರ, ಅದರಲ್ಲಿ ಸುದ್ದಿ ಇನ್ನೂ ಬಂದಿರಲಿಲ್ಲ. ಅವತ್ತೇ ಮಧ್ಯಾಹ್ನವೋ ಸಂಜೆಯೋ ನೋಡಿದ್ದರೆ ಬಹುಶಃ ಸಿಕ್ಕಿರೋದು. ಗುರುವಾರ ಬೆಳಿಗ್ಗೆ ನನಗೆ ಗೊತ್ತಾಗುವ ಹೊತ್ತಿಗೆ ಉಕ್ಕು ಒಂದು ದಿನ ಹಳೆಯದಾಗಿತ್ತು. ಶುಕ್ರವಾರ ಬಂದ ಅಂಡಾಣುವಿಗೆ ಶನಿವಾರದ ಬಸ್ಸು ಯಾವ ಲೆಕ್ಕಕ್ಕೂ ಇಲ್ಲ.

ಹಾಗಾದರೆ ಸರಿಯಾದ ಸಮಯ ಯಾವುದು? ಬೆಳಿಗ್ಗೆ ಹತ್ತರಿಂದ ರಾತ್ರಿ ಎಂಟರ ಒಳಗೆ, ದಿನಾ ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಅದಕ್ಕೆ ಎರಡು ಗಂಟೆ ಮುಂಚಿನಿಂದ ಬಾಟಲಿಗಟ್ಟಲೆ ನೀರು ಕುಡಿಯಬಾರದು, ತೆಳುವಾದರೆ ಗೆರೆಯೂ ತೆಳು. ಚೀಟಿಯಲ್ಲಿ ಹೇಳಿದಷ್ಟು ನಿಮಿಷಕ್ಕೆ ಓದಿ ಎಸೆಯಬೇಕು, ಅರ್ಧ ಗಂಟೆ ಬಿಟ್ಟು ಬಂದು ನೋಡಿ ‘ಈಗ ಕಪ್ಪಾಯ್ತು’ ಅನ್ನೋ ಹಾಗಿಲ್ಲ. (ನಾನು ಬೆಳಿಗ್ಗೆ ಕಸದ ಬುಟ್ಟಿಯಿಂದ ತೆಗೆದು ಟಾರ್ಚ್ ಹಾಕಿ ನೋಡಿದ್ದೂ ಉಂಟು.) ಕೆಲವರಿಗೆ ಉಕ್ಕು ಅರ್ಧ ದಿನಕ್ಕೇ ಇಳಿದುಹೋಗುತ್ತೆ. ದಿನಕ್ಕೊಂದು ಸಲ ನೋಡಿದರೆ ಪೂರ್ತಿ ತಪ್ಪಬಹುದು. ಗೆರೆ ದಪ್ಪ ಆಗುತ್ತಾ ಬಂದ ಮೇಲೆ ಮಧ್ಯಾಹ್ನ ಒಂದು, ರಾತ್ರಿ ಊಟಕ್ಕೆ ಮುಂಚೆ ಒಂದು ನೋಡಿದರೆ ಒಳ್ಳೆಯದು. ನಾನು ಆಫೀಸಿನ ರೆಸ್ಟ್‌ರೂಮಿನಲ್ಲಿ ಸ್ಟ್ರಿಪ್ ಹಿಡಿದು ಐದು ನಿಮಿಷ ನಿಂತಿರುವಾಗ ಸ್ಟ್ಯಾಂಡ್-ಅಪ್ ಕಾಲ್‌ಗೆ ಮ್ಯೂಟಿನಲ್ಲಿ ಜಾಯಿನ್ ಆಗಿದ್ದೇನೆ.

ಆದರೆ ಡಾಕ್ಟರಮ್ಮ ಅವತ್ತು ಹೇಳಿದ ಮುಖ್ಯವಾದ ಮಾತು ಗಂಟೆಯದ್ದಲ್ಲ. “ನೀನು ಪಾಸಿಟಿವ್ ಬಂದ ಮೇಲೆ ಅವನನ್ನ ಕರೀತೀಯಲ್ಲ, ಅದೇ ತಪ್ಪು” ಅಂದರು. ಆರು ದಿನದ ಬಾಗಿಲಲ್ಲಿ ಸ್ಟ್ರಿಪ್ ಕಪ್ಪಾಗೋದು ಸಾಮಾನ್ಯವಾಗಿ ಐದನೇ ದಿನದ ಹೊತ್ತಿಗೆ. ಅದು ಬಾಗಿಲು ತೆರೆದ ಸದ್ದಲ್ಲ, ಮುಚ್ಚುವ ಮುಂಚಿನ ಗಂಟೆ. ಒಂದೇ ಮನೆಯಲ್ಲಿರುವವರಿಗೆ ಆ ಗಂಟೆ ಕೇಳಿಸಿಕೊಂಡರೂ ಸಾಕು, ಅವತ್ತು ರಾತ್ರಿ ಮತ್ತು ಮಾರನೇ ದಿನ ಇದೆ. ಎಂಟುನೂರು ಚಿಲ್ಲರೆ ಕಿಲೋಮೀಟರ್ ದೂರ ಇರುವವರಿಗೆ ಗಂಟೆ ಕೇಳಿ ಬಸ್ಸು ಹತ್ತಿದರೆ ತಡವಾಗುತ್ತೆ. ಬಾಗಿಲು ತೆರೆದದ್ದು ತಿಳಿಯೋದಕ್ಕೆ ದುಡ್ಡು ಕೊಡಬೇಕಾಗಿಲ್ಲವಂತೆ. ಮುಟ್ಟು ನಿಂತ ಮೇಲೆ ಕೆಲವು ದಿನ ಒಣಗಿದ ಹಾಗಿರುತ್ತೆ, ಆಮೇಲೆ ಅಂಟಂಟು. ಅಂಡಾಣು ಬಲಿಯುತ್ತಾ ಬಂದ ಹಾಗೆ ಬಿಳಿ ಸ್ರಾವ ತಿಳಿಯಾಗಿ, ಜಾರುವ ಹಾಗಾಗಿ, ಎರಡು ಬೆರಳ ನಡುವೆ ಎಳೆದರೆ ಹಸಿ ಮೊಟ್ಟೆಯ ಬಿಳಿಯ ಹಾಗೆ ನೂಲು ಬಿಡುತ್ತೆ. ವೀರ್ಯಾಣು ಬದುಕಿ ಕಾಯೋದು ಇದರಲ್ಲೇ. ಹದಿಮೂರು ವರ್ಷದಿಂದ ಇದನ್ನು ಇನ್ಫೆಕ್ಷನ್ ಇರಬಹುದು ಅಂದುಕೊಂಡಿದ್ದ ನಾನು ಮೂವತ್ತೆರಡಕ್ಕೆ ಅದರ ಹೆಸರು ಕಲಿತೆ.

ಈ ಮಧ್ಯೆ ಮನೆಯಲ್ಲಿ ಏನಾಗುತ್ತಿತ್ತು ಅಂತಲೂ ಹೇಳಬೇಕು. ನಾನು ಅವನ ಕ್ಯಾಲೆಂಡರಿಗೆ ಮೀಟಿಂಗ್ ಇನ್ವೈಟ್ ಕಳಿಸೋದಕ್ಕೆ ಶುರು ಮಾಡಿದ್ದೆ. ಸಬ್ಜೆಕ್ಟ್ ಲೈನ್ ‘ಬೆಂಗಳೂರು’ ಅಂತಷ್ಟೇ. ಒಂದು ಸಲ ರಾತ್ರಿ ಬಸ್ಸಿನಲ್ಲಿ ನಿದ್ದೆಯಿಲ್ಲದೆ ಬಂದವನಿಗೆ ಕಾಫಿ ಕೊಡೋ ಮುಂಚೆ ಸ್ಟ್ರಿಪ್ ತೋರಿಸಿದೆ. ಅವತ್ತು ಅವನಿಂದ ಆಗಲೇ ಇಲ್ಲ. ನಾನು ಗೋಡೆ ಕಡೆ ತಿರುಗಿ ಮಲಗಿದೆ. “ನಾನೇನು ಆನ್-ಕಾಲ್ ಸಪೋರ್ಟಾ ಕಣೇ? ಟಿಕೆಟ್ ರೈಸ್ ಮಾಡಿದ ತಕ್ಷಣ ಅಟೆಂಡ್ ಮಾಡೋಕೆ?” ಅಂದ. ನಗು ಬರಬೇಕಾದ ಮಾತು. ನಗಲಿಲ್ಲ ನಾನು. “ನಿಂಗೆ ಬೇಡ ಅಂದ್ರೆ ಹೇಳ್ಬಿಡು” ಅಂದೆ. ಭಾನುವಾರ ರಾತ್ರಿ ಹೊರಡುವವರೆಗೆ ಇಬ್ಬರೂ ಟಿವಿ ನೋಡಿದೆವು. ಒಂದೇ ದಿನ ಅಂತ ಗುರುತು ಹಾಕಿ ಅದರ ಮೇಲೆ ಇಡೀ ತಿಂಗಳ ಭಾರ ಹೊರಿಸಿದರೆ ಹೀಗೇ ಆಗೋದು ಅಂತ ಡಾಕ್ಟರಮ್ಮ ಬೇಜಾರಿಲ್ಲದೆ ಹೇಳಿದರು, ನೂರಾರು ಜನರಿಂದ ಕೇಳಿದವರ ಹಾಗೆ. ಅವರ ಸಲಹೆ ಸರಳ ಇತ್ತು. ನಿನ್ನ ಲೆಕ್ಕದಲ್ಲಿ ಹದಿನಾಲ್ಕರಿಂದ ಇಪ್ಪತ್ತೆರಡರವರೆಗೆ ಇಬ್ಬರೂ ಒಂದೇ ಊರಲ್ಲಿ ಇರಿ, ಒಂದು ದಿನ ಬಿಟ್ಟು ಒಂದು ದಿನ ಸೇರಿ, ಸ್ಟ್ರಿಪ್ ನಿನ್ನ ನೋಟ್‌ಬುಕ್ಕಿಗೆ ಮಾತ್ರ ಇರಲಿ, ಅವನಿಗೆ ತೋರಿಸಬೇಡ.

ಮೂರನೇ ತಿಂಗಳು ಅವನು ಒಂಬತ್ತು ದಿನ ವರ್ಕ್ ಫ್ರಮ್ ಹೋಮ್ ಬರೆಸಿಕೊಂಡ. ಈ ಸಲ ಯಾವ ಅಜ್ಜಿಯನ್ನೂ ಎಳೆದು ತರಲಿಲ್ಲ, ಮ್ಯಾನೇಜರ್‌ಗೆ ‘ಮನೆ ಕೆಲಸ’ ಅಂದನಂತೆ. ಹದಿನಾರನೇ ದಿನ ಸ್ರಾವ ತಿಳಿಯಾಯ್ತು. ಹದಿನೇಳರಿಂದ ಎರಡು ಹೊತ್ತು ಸ್ಟ್ರಿಪ್. ಹತ್ತೊಂಬತ್ತರ ಮಧ್ಯಾಹ್ನ ಮಸುಕು, ರಾತ್ರಿ ಏಳೂವರೆಗೆ ಗಾಢ. ನಾನು ಏನೂ ಹೇಳದೆ ಚಪಾತಿ ಲಟ್ಟಿಸಿದೆ. ಅದರ ಜೊತೆ ಒಂದು ತಿಂಗಳು ಬೆಳಿಗ್ಗೆ ಏಳುವ ಮುಂಚೆ ಥರ್ಮಾಮೀಟರನ್ನೂ ಬಾಯಲ್ಲಿಟ್ಟು ನೋಡಿದೆ. ಇಪ್ಪತ್ತೆರಡನೇ ದಿನದಿಂದ ಸುಮಾರು 0.3 ಡಿಗ್ರಿ ಸೆಲ್ಸಿಯಸ್ ಏರಿ ಹಾಗೇ ನಿಂತಿತು. ಅದು ಅಂಡಾಣು ಹೋದ ಮೇಲೆ ಬರುವ ಸುದ್ದಿ, ಆ ತಿಂಗಳಿಗೆ ಉಪಯೋಗ ಇಲ್ಲ. ಆದರೆ ಸ್ಟ್ರಿಪ್ ಹೇಳಿದ್ದು ಬರೀ ಉಕ್ಕಲ್ಲ, ಅದರ ಹಿಂದೆ ನಿಜವಾಗಿ ಅಂಡಾಣುವೂ ಬಂದಿರಬೇಕು ಅಂತ ನನಗೆ ಸಮಾಧಾನ ಕೊಟ್ಟದ್ದು ಅದೇ. ಉಕ್ಕು ಬಂದೂ ಅಂಡಾಣು ಹೊರಬಾರದ ತಿಂಗಳೂ ಇರುತ್ತವೆ.

ಸ್ಟ್ರಿಪ್ ಕೈಕೊಡೋದು ಯಾರಿಗೆ ಅಂತ ಗೊತ್ತಾದದ್ದು ನನ್ನ ಟೀಮಿನ ಹುಡುಗಿಯಿಂದ. ಅವಳಿಗೆ ಪಿಸಿಓಎಸ್. ನನ್ನ ಹತ್ತಿರ ಉಳಿದಿದ್ದ ಸ್ಟ್ರಿಪ್ಪುಗಳನ್ನು ಕೊಟ್ಟಿದ್ದೆ. ಒಂದು ವಾರ ದಿನಾ ಗಾಢ ಗೆರೆ, ಖುಷಿಯಲ್ಲಿ ಫೋಟೊ ಕಳಿಸಿದಳು. ಪಿಸಿಓಎಸ್ ಇರುವ ಹಲವರಲ್ಲಿ ಎಲ್‌ಎಚ್ ಎಲ್ಲ ದಿನವೂ ಹೆಚ್ಚೇ ಇರುತ್ತೆ, ದೇಹ ಎರಡು ಮೂರು ಸಲ ಉಕ್ಕಿಸಿಯೂ ಅಂಡಾಣು ಬಿಡದೇ ಇರಬಹುದು. ಒಂದೆರಡು ದಿನ ಗಾಢವಾಗಿ ಮತ್ತೆ ಮಸುಕಾಗೋದು ಸರಿಯಾದ ಲಕ್ಷಣ, ವಾರಗಟ್ಟಲೆ ಗಾಢವಾಗೇ ಇದ್ದರೆ ಆ ಸ್ಟ್ರಿಪ್ ಏನೂ ಹೇಳುತ್ತಿಲ್ಲ ಅಂತಲೇ ಅರ್ಥ. ಅವಳು ಈಗ ಸ್ಕ್ಯಾನ್‌ನಲ್ಲೇ ಅಂಡಾಣು ಬೆಳೆಯೋದನ್ನು ನೋಡಿಸಿಕೊಳ್ಳುತ್ತಿದ್ದಾಳೆ. ನಾನು ಕೊಟ್ಟ ಉಚಿತ ಸಲಹೆಗೆ ಕ್ಷಮೆ ಕೇಳಿದ್ದೇನೆ.

ಆ ಮೂರನೇ ತಿಂಗಳು ಎಲ್ಲವನ್ನೂ ಸರಿಯಾಗಿ ಮಾಡಿದೆವು. ಮೂವತ್ತೈದನೇ ದಿನ ಸಂಜೆ ನಾಲ್ಕಕ್ಕೆ, ಕ್ಲೈಂಟ್ ಕಾಲಿನ ಮಧ್ಯೆ, ಮುಟ್ಟಾದೆ.

ಆ ರಾತ್ರಿ ಅವನು ಫೋನಿನಲ್ಲಿ ಕೇಳಿದ, “ಸರಿಯಾದ ದಿನಾನೇ ಆಗಿತ್ತಲ್ವೇನೇ?” ಆಗಿತ್ತು. ಆ ವಿಲ್ಕಾಕ್ಸರ ಲೆಕ್ಕದಲ್ಲೇ ಅತ್ಯಂತ ಒಳ್ಳೆಯ ದಿನಕ್ಕೂ ಸಿಗೋದು ಮೂರರಲ್ಲಿ ಒಂದು ಪಾಲು ಸಾಧ್ಯತೆ. ಅಂಡಾಣು ಬಂದ ದಿನಕ್ಕೆ 0.33, ಐದು ದಿನ ಮುಂಚೆಯಾದರೆ 0.10. ಎಲ್ಲ ಸರಿಯಿದ್ದೂ ಆಗದ ತಿಂಗಳೇ ಹೆಚ್ಚು. ಇದನ್ನು ಅವನಿಗೆ ಹೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದ್ರೆ ನಾವು ಒಂದೇ ಸಲ ಟ್ರೈ ಮಾಡಿದೀವಿ ಅಂತಾಯ್ತು” ಅಂದ.

ಆ ಮಾತು ನನ್ನನ್ನು ಹಿಡಿದುಕೊಂಡಿತು. ಡಾಕ್ಟರುಗಳು ಮೊದಲು ಕೇಳೋದು ಎಷ್ಟು ತಿಂಗಳಿಂದ ಪ್ರಯತ್ನ ಅಂತ. ಮೂವತ್ತೈದರೊಳಗಿನವರಾದರೆ ಒಂದು ವರ್ಷ ಕಾಯಿರಿ, ದಾಟಿದವರಾದರೆ ಆರು ತಿಂಗಳಿಗೇ ಬನ್ನಿ ಅನ್ನೋ ನಿಯಮ ಒಂದೇ ಮನೆಯಲ್ಲಿ ಇರುವ ಗಂಡ ಹೆಂಡತಿಗೆ ಮಾಡಿದ್ದು. ನಾನು ಎಲ್ಲರ ಹತ್ತಿರವೂ ಒಂಬತ್ತು ತಿಂಗಳು, ಹತ್ತು ತಿಂಗಳು ಅಂತ ಹೇಳುತ್ತಾ, ನನ್ನಲ್ಲೇನೋ ಕೊರತೆ ಇದೆ ಅಂತ ನಂಬುತ್ತಾ ಬಂದಿದ್ದೆ. ನೋಟ್‌ಬುಕ್ ತೆರೆದು ನೋಡಿದರೆ ಅಷ್ಟೂ ತಿಂಗಳಲ್ಲಿ ಬಾಗಿಲು ತೆರೆದಿರುವಾಗ ಅವನು ಸರಿಯಾಗಿ ಊರಲ್ಲಿದ್ದದ್ದು ಒಂದು ತಿಂಗಳು. ಮೊನ್ನೆ ಡಾಕ್ಟರಮ್ಮನಿಗೆ ಹಾಗೇ ಹೇಳಿದೆ. ಅವರು ಅದನ್ನೇ ಬರೆದುಕೊಂಡರು. ಆದರೂ ಅವನ ವೀರ್ಯ ಪರೀಕ್ಷೆ ಒಂದು ಮಾಡಿಸಿಬಿಡಿ, ಅದಕ್ಕೆ ಬರೀ ಎರಡರಿಂದ ಏಳು ದಿನದ ಬಿಡುವು ಸಾಕು, ಅರ್ಧ ಕಾರಣ ಅತ್ತ ಕಡೆಯೂ ಇರಬಹುದಲ್ಲ, ಇಷ್ಟು ದಿನ ಚುಚ್ಚಿಸಿಕೊಂಡವಳು ನೀನೊಬ್ಬಳೇ ಅಂದರು. ಅವನು ಮರುಮಾತಿಲ್ಲದೆ ಪುಣೆಯಲ್ಲೇ ಹೋಗಿ ಕೊಟ್ಟು ಬಂದಿದ್ದಾನೆ. ಲ್ಯಾಬಿನ ಹುಡುಗ ಕೊಟ್ಟ ಡಬ್ಬಿ, ಕೊಟ್ಟ ರೂಮು, ಬಾಗಿಲಾಚೆ ಕೇಳುತ್ತಿದ್ದ ಮರಾಠಿ ಸೀರಿಯಲ್ ಬಗ್ಗೆ ಅವನೇ ಒಂದು ಲೇಖನ ಬರೆಯಬಹುದು.

ಇವತ್ತು ನನಗೆ ಹನ್ನೆರಡನೇ ದಿನ. ಫ್ರಿಜ್ಜಿನ ಕ್ಯಾಲೆಂಡರಿನಲ್ಲಿ ಈಗ ಸೊನ್ನೆ ಇಲ್ಲ, ಒಂಬತ್ತು ದಿನಕ್ಕೆ ಉದ್ದಕ್ಕೆ ಒಂದು ಗೆರೆ ಇದೆ. ನಾಳೆ ರಾತ್ರಿಯ ಬಸ್ಸು, ಲೋವರ್ ಬರ್ತ್. ವಾಪಸ್ ಟಿಕೆಟ್ ಇಪ್ಪತ್ಮೂರಕ್ಕೆ. ಬರುವಾಗ ಬಾಕರ್‌ವಡಿ ತಗೊಂಡು ಬಾ ಅಂತ ಹೇಳಿದ್ದೇನೆ, ಈ ಸಲ ಅಷ್ಟೇ ಹೇಳಿರೋದು.